ಪರದೆ ಕೇಳುವುದು ಒಂದು, ಟಿವಿ ತೋರಿಸುವುದು ಇನ್ನೊಂದು
ಈ ಸಲದ ಪ್ರಶ್ನೋತ್ತರ: ಗೇಮ್ ಕನ್ಸೋಲ್ ಮತ್ತು ಎಚ್‌ಡಿಆರ್

ಪ್ರಶ್ನೆ: ಸರ್, ನಾನು ಹಾವೇರಿ ಕಡೆಯವನು. ಯುಪಿಎಸ್‌ಸಿ ತಯಾರಿಗೆಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಇನ್ನಿಬ್ಬರ ಜೊತೆ ಬಾಡಿಗೆ ಕೋಣೆಯಲ್ಲಿದ್ದೇನೆ. ಪ್ರಿಲಿಮ್ಸ್ ಮುಗಿದ ಮೇಲೆ ಅಣ್ಣ ತನ್ನ ಪಿಎಸ್5 ಕೊಟ್ಟು ಹೋದ. ಕೋಣೆಯಲ್ಲಿರುವುದು ನಮಗಿಂತ ಮೊದಲಿದ್ದವರು ಮಾರಿ ಹೋದ 43 ಇಂಚಿನ 4ಕೆ ಎಲ್‌ಇಡಿ ಟಿವಿ. ಅದರ ಅಂಚಿನ ಸ್ಟಿಕ್ಕರ್ ಮೇಲೆ ಎಚ್‌ಡಿಆರ್10 ಎಂದಿದೆ. ಎಚ್‌ಡಿಆರ್ ಹಾಕಿದರೆ ಚಿತ್ರ ಮಂಕಾಗುತ್ತದೆ, ತೆಗೆದರೆ ಕಳೆಗಟ್ಟುತ್ತದೆ. ಪಿಎಸ್5ನ Adjust HDR ಪರದೆಯಲ್ಲಿ ಗುರುತು ಕಂಡೂ ಕಾಣದ ಹಾಗೆ ಆಗುವವರೆಗೆ ಬಟನ್ ಒತ್ತಿ ಎನ್ನುತ್ತದೆ. ಕೊನೆಯವರೆಗೂ ಒತ್ತಿದೆ, ಗುರುತು ಮಾಯವಾಗಲೇ ಇಲ್ಲ. 'ಹಾಗಾದರೆ ನಿನ್ನ ಟಿವಿಯಲ್ಲಿ ಅಷ್ಟು ಬೆಳಕಿದೆ ಅಂತ ಅರ್ಥ' ಎನ್ನುತ್ತಾನೆ ರೂಮ್‌ಮೇಟ್. ಹೌದೇ?
— ಒಬ್ಬ ಓದುಗ, ಓಲ್ಡ್ ರಾಜಿಂದರ್ ನಗರ, ದೆಹಲಿ

ಉತ್ತರ: ಇಲ್ಲ. ಅಷ್ಟು ಬೆಳಕು ನಿಮ್ಮ ಟಿವಿಯಲ್ಲಿ ಇಲ್ಲ. ಗುರುತು ಮಾಯವಾಗದಿರುವುದೇ ಅದಕ್ಕೆ ಸಾಕ್ಷಿ ಎಂದರೆ ನಿಮ್ಮ ರೂಮ್‌ಮೇಟ್ ಒಪ್ಪಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪರದೆಯ ಬೆಳಕನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಹಳೆಯ ಮಾಮೂಲಿ ವಿಡಿಯೊ, ಅಂದರೆ ಎಸ್‌ಡಿಆರ್, ನಿಟ್ ಲೆಕ್ಕ ಇಟ್ಟುಕೊಳ್ಳುವುದಿಲ್ಲ. 'ಇದು ಅತಿ ಬಿಳಿ' ಎಂದಷ್ಟೇ ಹೇಳುತ್ತದೆ, ಆ ಬಿಳಿಯನ್ನು ಎಷ್ಟು ಬೆಳಗಿಸಬೇಕೆಂಬುದು ಟಿವಿಯ ಇಷ್ಟ. ಎಚ್‌ಡಿಆರ್10 ಹಾಗಲ್ಲ. 2014ರಲ್ಲಿ ಗೊತ್ತುಮಾಡಿದ ಪಿಕ್ಯೂ ಎಂಬ ರೇಖೆಯಂತೆ ಸಂಕೇತದ ಒಂದೊಂದು ಬೆಲೆಗೂ ಇಂತಿಷ್ಟು ನಿಟ್ ಎಂದು ನಿಗದಿಯಾಗಿದೆ. ಸೊನ್ನೆಯಿಂದ 10,000 ನಿಟ್‌ವರೆಗೆ ಅದರಲ್ಲಿ ಜಾಗವಿದೆ. ನಿಮ್ಮಂಥ ಅಗ್ಗದ 43 ಇಂಚಿನ ಟಿವಿಗಳು ಸಾಮಾನ್ಯವಾಗಿ 250ರಿಂದ 350 ನಿಟ್‌ನ ಒಳಗೇ ನಿಲ್ಲುತ್ತವೆ. ಎಚ್‌ಡಿಆರ್10 ಎಂಬ ಸ್ಟಿಕ್ಕರ್ ಹೇಳುವುದು ಟಿವಿ ಆ ಸಂಕೇತವನ್ನು ಓದಬಲ್ಲದು ಎಂದಷ್ಟೇ, ಅಷ್ಟು ಬೆಳಕು ಕೊಡಬಲ್ಲದು ಎಂದಲ್ಲ.

ಹಾಗಾದರೆ 1,000 ನಿಟ್‌ನ ಸೂರ್ಯ ಬಂದಾಗ 300 ನಿಟ್‌ನ ಟಿವಿ ಏನು ಮಾಡಬೇಕು? ಎರಡು ದಾರಿ. ಒಂದು, 300ರವರೆಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸಿ, ಅದಕ್ಕಿಂತ ಮೇಲಿನದನ್ನೆಲ್ಲ ಒಂದೇ ಬಿಳಿಯಾಗಿ ಕತ್ತರಿಸಿಬಿಡುವುದು. ಇನ್ನೊಂದು, ಮೇಲಿನದನ್ನೆಲ್ಲ ಒತ್ತಿ ಕುಗ್ಗಿಸಿ ತನ್ನ ಮಿತಿಯೊಳಗೆ ತುರುಕುವುದು. ಎರಡನೆಯದಕ್ಕೆ ಟೋನ್ ಮ್ಯಾಪಿಂಗ್ ಎನ್ನುತ್ತಾರೆ. ಸಿನಿಮಾಕ್ಕೆ ಅದು ಬೇಕು, ಏಕೆಂದರೆ ಸಿನಿಮಾ ಒಮ್ಮೆ ತಯಾರಾದ ಮೇಲೆ ನಿಮ್ಮ ಟಿವಿಯ ಮಿತಿಯನ್ನು ವಿಚಾರಿಸಿ ಬದಲಾಗುವುದಿಲ್ಲ. ಆಟ ಬದಲಾಗಬಲ್ಲದು. ಪ್ರತಿ ಫ್ರೇಮನ್ನೂ ಅದು ಆಗಲೇ ಸಿದ್ಧಮಾಡುತ್ತಿರುತ್ತದೆ, ಮಿತಿ ಇಷ್ಟು ಎಂದು ಮೊದಲೇ ಗೊತ್ತಿದ್ದರೆ ಸೂರ್ಯನನ್ನೂ ಮೋಡವನ್ನೂ ಅದರೊಳಗೇ ಹೊಂದಿಸಿ ಕಳಿಸುತ್ತದೆ.

Adjust HDR ಪರದೆಗಳು ಇರುವುದು ಆ ಮಿತಿಯನ್ನು ಕನ್ಸೋಲ್‌ಗೆ ತಿಳಿಸಲಿಕ್ಕೆ. ಅವು ಟಿವಿಯ ಒಳಗೆ ಏನನ್ನೂ ಬದಲಿಸುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಟೈಲರ್‌ಗೆ ಅಳತೆ ಕೊಟ್ಟ ಹಾಗೆ ಅಷ್ಟೇ. ಗುರುತಿನ ಬೆಳಕು ಏರುತ್ತಾ ಹೋಗಿ ಹಿನ್ನೆಲೆಯ ಬಿಳಿಯಲ್ಲಿ ಎಲ್ಲಿ ಕರಗುತ್ತದೋ, ಅಲ್ಲಿಂದಾಚೆ ಟಿವಿಗೆ ವ್ಯತ್ಯಾಸ ತೋರಿಸುವ ಶಕ್ತಿಯಿಲ್ಲ ಎಂದು ಕನ್ಸೋಲ್ ಬರೆದಿಟ್ಟುಕೊಳ್ಳುತ್ತದೆ. ಆದರೆ ನಿಮ್ಮ ಟಿವಿ ಎರಡನೆಯ ದಾರಿ ಹಿಡಿದಿದೆ. ತುಂಬಾ ಮೇಲಿನ ಬೆಳಕನ್ನೂ ಕುಗ್ಗಿಸಿ, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಬೇರೆಯಾಗಿ ತೋರಿಸುತ್ತಿದೆ. ಆದ್ದರಿಂದ ಗುರುತು ಕರಗುತ್ತಿಲ್ಲ. ನೀವು ಕೊನೆಯವರೆಗೆ ಒತ್ತಿ 'ಸರಿ' ಎಂದಾಗ, ಈ ಟಿವಿ ಸಾವಿರಾರು ನಿಟ್ ಕೊಡುತ್ತದೆ ಎಂದು ಪಿಎಸ್5 ನಂಬಿಬಿಟ್ಟಿತು. ಈಗ ಆಟ ದೀಪಗಳನ್ನು ಆ ಎತ್ತರಕ್ಕೆ ಬರೆದು ಕಳಿಸುತ್ತದೆ, ಟಿವಿ ಅದನ್ನು ಮತ್ತೆ ಕುಗ್ಗಿಸುತ್ತದೆ. ಕುಗ್ಗಿಸುವಾಗ ಬರೀ ಸೂರ್ಯ ಕುಗ್ಗುವುದಿಲ್ಲ, ಅವನಿಗೆ ಜಾಗ ಮಾಡಿಕೊಡಲು ಗೋಡೆ, ರಸ್ತೆ, ಮುಖ ಎಲ್ಲವೂ ಕೆಳಗೆ ಸರಿಯುತ್ತವೆ. ನಿಮಗೆ ಕಾಣುತ್ತಿರುವ ಮಂಕಿನ ದೊಡ್ಡ ಪಾಲು ಇದೇ.

ಇನ್ನೊಂದು ಪಾಲೂ ಇದೆ. ಎಸ್‌ಡಿಆರ್‌ನಲ್ಲಿ ನಿಮ್ಮ ಟಿವಿ ಸಾದಾ ಬಿಳಿಯನ್ನು, ಅಂದರೆ ಆಟದ ಒಳಗಿನ ಒಂದು ಬಿಳಿ ಕಾಗದವನ್ನು, ತನ್ನ ಪೂರ್ತಿ 300 ನಿಟ್‌ನಲ್ಲಿ ಬೆಳಗಿಸುತ್ತಿರಬಹುದು. ಎಚ್‌ಡಿಆರ್‌ನಲ್ಲಿ ಅದೇ ಕಾಗದಕ್ಕೆ ರೂಢಿಯ ಬೆಲೆ ಸುಮಾರು 200 ನಿಟ್. ಅದಕ್ಕಿಂತ ಮೇಲಿನ ಜಾಗ ಮಿಂಚು, ಬೆಂಕಿ, ಸೂರ್ಯನಿಗೆ ಮೀಸಲು. ಅಂದಮೇಲೆ ನಿಮ್ಮಂಥ ಟಿವಿಯಲ್ಲಿ ಎಚ್‌ಡಿಆರ್ ಸರಿಯಾಗಿ ನಡೆದರೂ ಎಸ್‌ಡಿಆರ್‌ಗಿಂತ ತುಸು ಮಂದವಾಗಿಯೇ ಇರುತ್ತದೆ. ಅದು ದೋಷವಲ್ಲ. ಆದರೆ ಈಗ ನೀವು ನೋಡುತ್ತಿರುವಷ್ಟು ಮಂದವಾಗಿ ಇರಬೇಕಿಲ್ಲ.

ಮಾಡಬೇಕಾದದ್ದು ಮೊದಲು ಟಿವಿಯಲ್ಲಿ, ಆಮೇಲೆ ಕನ್ಸೋಲ್‌ನಲ್ಲಿ. ಪಿಎಸ್5ನಲ್ಲಿ Settings, Screen and Video, Video Output ಒಳಗೆ ಹೋಗಿ Adjust HDR ತೆರೆದಿಡಿ. ಟಿವಿ ಎಚ್‌ಡಿಆರ್‌ಗೆ ಹೊರಳಿದ ಮೇಲೆ ಮಾತ್ರ ಟಿವಿಯ ರಿಮೋಟ್ ಕೈಗೆತ್ತಿಕೊಳ್ಳಿ. ಏಕೆಂದರೆ ಬಹುತೇಕ ಟಿವಿಗಳು ಎಸ್‌ಡಿಆರ್‌ಗೂ ಎಚ್‌ಡಿಆರ್‌ಗೂ, ಒಂದೊಂದು ಪಿಕ್ಚರ್ ಮೋಡ್‌ಗೂ, ಹಲವು ಸಲ ಒಂದೊಂದು ಎಚ್‌ಡಿಎಂಐ ಪೋರ್ಟ್‌ಗೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಂಡಿರುತ್ತವೆ. ನೀವು ಆಡುವುದು ಗೇಮ್ ಮೋಡ್‌ನಲ್ಲಾದರೆ ಕೈಯಾರೆ ಗೇಮ್ ಮೋಡ್‌ಗೆ ಬನ್ನಿ. ಆಟ ಶುರುವಾದಾಗ ತಾನಾಗಿ ಗೇಮ್ ಮೋಡ್‌ಗೆ ಹಾರುವ ಟಿವಿಗಳು ಮೆನು ಕಾಣುವಾಗ ಬೇರೆ ಮೋಡ್‌ನಲ್ಲೇ ಇರಬಹುದು, ಆಗ ಅಳೆದದ್ದು ಒಂದು, ಆಡುವುದು ಇನ್ನೊಂದು ಆಗುತ್ತದೆ. ನಂತರ ಡೈನಾಮಿಕ್ ಕಾಂಟ್ರಾಸ್ಟ್, ಡೈನಾಮಿಕ್ ಟೋನ್ ಮ್ಯಾಪಿಂಗ್, ಆಕ್ಟಿವ್ ಎಚ್‌ಡಿಆರ್, ಬ್ಲ್ಯಾಕ್ ಸ್ಟ್ರೆಚ್ ಎಂಬ ಹೆಸರಿನಲ್ಲಿ ಏನಿದ್ದರೂ ಆಫ್ ಮಾಡಿ. ಎಚ್‌ಜಿಐಜಿ ಎಂಬ ಆಯ್ಕೆ ಇದ್ದರೆ ಅದನ್ನೇ ಹಿಡಿಯಿರಿ. ನಿಮ್ಮ ಟಿವಿಯಲ್ಲಿ ಇರುವುದು ಅನುಮಾನ. ಬ್ಯಾಕ್‌ಲೈಟ್ ತುದಿಗೆ ಏರಿಸಿ. ಪವರ್ ಸೇವಿಂಗ್ ಆಫ್ ಆಗಿದೆಯೇ ನೋಡಿ. ಸಬ್‌ಮೀಟರ್ ಲೆಕ್ಕದಲ್ಲಿ ಕರೆಂಟ್ ಬಿಲ್ ಕಟ್ಟುವ ಕೋಣೆಗಳಲ್ಲಿ ಯಾರಾದರೊಬ್ಬರು ಅದನ್ನು ಹಾಕಿಟ್ಟಿರುತ್ತಾರೆ, ಆಮೇಲೆ ಮೂವರೂ ಮರೆತಿರುತ್ತಾರೆ.

ಇಷ್ಟಾದ ಮೇಲೆ ಪರದೆಗಳನ್ನು ಮೊದಲಿಂದ ಮಾಡಿ. ಪಿಎಸ್5 'ಕಂಡೂ ಕಾಣದ ಹಾಗೆ' ಎನ್ನುತ್ತದೆ, ನಾನು 'ಪೂರ್ತಿ ಮಾಯವಾದ ಮೊದಲ ಹೆಜ್ಜೆ' ಎನ್ನುತ್ತೇನೆ. ವ್ಯತ್ಯಾಸ ಒಂದು ಹೆಜ್ಜೆಯದು, ಅದಕ್ಕಾಗಿ ಜಗಳ ಬೇಡ. ಆದರೆ ಮಾಯವಾದ ಮೇಲೂ ಒತ್ತುತ್ತಾ ಹೋಗಬೇಡಿ, ಅದು ಮತ್ತೆ ಹಳೆಯ ಕಥೆ.

ಆಗಲೂ ಗುರುತು ಕರಗದಿದ್ದರೆ ನಿಮ್ಮ ಟಿವಿ ಟೋನ್ ಮ್ಯಾಪಿಂಗ್ ಬಿಡದ ಜಾತಿಯದು. ಅಂಥದರಲ್ಲಿ ಪರದೆಯ ಮಾತು ಕೇಳಬೇಡಿ. ಮೊದಲೆರಡು ಪರದೆಗಳನ್ನೂ ಕೆಳತುದಿಯ ಹತ್ತಿರಕ್ಕೆ ಇಳಿಸಿ, ಹಗಲಿನ ಮೋಡ ಚೆನ್ನಾಗಿ ಕಾಣುವ ಒಂದು ಆಟ ತೆರೆದು, ಎರಡೆರಡು ಹೆಜ್ಜೆ ಏರಿಸುತ್ತಾ ಬನ್ನಿ. ಮೊದಮೊದಲು ಮೋಡದ ವಿವರ ಹೆಚ್ಚುತ್ತದೆ. ಎಲ್ಲಿಂದ ಮೋಡದಲ್ಲಿ ಏನೂ ಹೆಚ್ಚದೆ ನೆಲ ಮಾತ್ರ ಮಂಕಾಗತೊಡಗುತ್ತದೋ ಅಲ್ಲಿಂದ ಹಿಂದಕ್ಕೆ ಬನ್ನಿ.

ಸಂಖ್ಯೆ ಬೇಕೆನಿಸಿದರೆ ಒಂದು ಉಪಾಯವಿದೆ. ಪಿಎಸ್5 ತನ್ನ ಪರದೆಯಲ್ಲಿ ನಿಟ್ ತೋರಿಸುವುದಿಲ್ಲ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ಗೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ Windows HDR Calibration ಎಂಬ ಉಚಿತ ಆ್ಯಪ್ ಹಾಕಿಕೊಂಡು, ಪಿಎಸ್5 ಚುಚ್ಚಿದ ಅದೇ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಅದೇ ಪಿಕ್ಚರ್ ಮೋಡ್‌ನಲ್ಲಿ ನೋಡಿ. ಅಲ್ಲಿಯೂ ಇಂಥದೇ ಪರೀಕ್ಷೆ, ಆದರೆ ಸ್ಲೈಡರ್ ಜೊತೆ ನಿಟ್ ಸಂಖ್ಯೆ ಕಾಣುತ್ತದೆ. ಮಾಡಿ ನೋಡಿ ಬರೆಯಿರಿ.

ಪ್ರಶ್ನೆ: ಸರ್, ನೀವು ಹೇಳಿದ ಹಾಗೆ ಮಾಡಿದೆ. ಪವರ್ ಸೇವಿಂಗ್ ನಿಜಕ್ಕೂ ಆನ್ ಇತ್ತು, ಡೈನಾಮಿಕ್ ಕಾಂಟ್ರಾಸ್ಟ್ 'ಹೈ'ನಲ್ಲಿತ್ತು. ಎರಡನ್ನೂ ತೆಗೆದ ಮೇಲೆ ಪಿಎಸ್5ನಲ್ಲಿ ಗುರುತು ಬೇಗನೆ ಕರಗಿತು, ಎರಡೂ ಪರದೆಗಳಲ್ಲಿ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಲ್ಯಾಪ್‌ಟಾಪ್‌ನಲ್ಲಿ 400ರ ಹತ್ತಿರ ಮಾಯವಾಯಿತು. ಅಂದರೆ ನನ್ನ ಟಿವಿ 400 ನಿಟ್ ಎಂದಾಯಿತೇ? ಸೈಬರ್‌ಪಂಕ್ 2077 ಆಟದೊಳಗೆ ಮತ್ತೆ ಬೇರೆ ಸ್ಲೈಡರ್‌ಗಳಿವೆ. ಅಲ್ಲಿ ಎಷ್ಟಿಡಲಿ?
— ಅದೇ ಓದುಗ

ಉತ್ತರ: ಗುರುತು 400ರಲ್ಲಿ ಕರಗಿತು ಎಂದರೆ, 400 ಎಂದು ಬರೆದ ಸಂಕೇತದಿಂದ ಮೇಲೆ ಟಿವಿ ವ್ಯತ್ಯಾಸ ತೋರಿಸುವುದಿಲ್ಲ ಎಂದರ್ಥ. ಗಾಜಿನಿಂದ ಹೊರಬರುವ ಬೆಳಕು 400 ನಿಟ್ ಎಂದಲ್ಲ. ಪ್ಯಾನೆಲ್ ಕೊಡುವುದು 300 ಇದ್ದು, ಟಿವಿಯ ಚಿಪ್ 400ರವರೆಗಿನದನ್ನು ಸ್ವಲ್ಪ ಒತ್ತಿ ಅದರೊಳಗೆ ಕೂರಿಸುತ್ತಿರಬಹುದು. ನಿಜವಾದ ಬೆಳಕನ್ನು ಅಳೆಯಲು ಪರದೆಗೆ ತಾಗಿಸಿಡುವ ಮೀಟರ್ ಬೇಕು. ಆದರೆ ಆಟಕ್ಕೆ ಬೇಕಿರುವುದು ನಿಮ್ಮ ಕೈಯಲ್ಲಿರುವ ಸಂಖ್ಯೆಯೇ, ಎಲ್ಲಿಂದ ಮೇಲೆ ಕಳಿಸಿದ್ದು ದಂಡ ಎಂಬುದು. ಆದ್ದರಿಂದ 400 ಸಾಕು, ಮೀಟರ್‌ಗೆ ದುಡ್ಡು ಸುರಿಯಬೇಡಿ.

ಎರಡೂ ಪರದೆ ಒಂದೇ ಕಡೆ ನಿಂತದ್ದು ಒಳ್ಳೆಯ ಲಕ್ಷಣ. ಒಂದು ಪರದೆ ಸಣ್ಣ ಜಾಗದ ಬೆಳಕನ್ನು, ಇನ್ನೊಂದು ಪರದೆಯ ತುಂಬಾ ಹರಡಿದ ಬೆಳಕನ್ನು ಕುರಿತದ್ದು. ನಿಮ್ಮ ಟಿವಿಯ ಬ್ಯಾಕ್‌ಲೈಟ್‌ಗೆ ವಲಯಗಳಿಲ್ಲ. ಉರಿದರೆ ಇಡೀ ಹಲಗೆ ಒಟ್ಟಿಗೆ ಉರಿಯುತ್ತದೆ, ಸಣ್ಣ ಜಾಗವನ್ನು ಮಾತ್ರ ಹೆಚ್ಚು ಬೆಳಗಿಸುವ ಉಪಾಯ ಅದಕ್ಕಿಲ್ಲ. ಹೀಗಿದ್ದೂ ಎರಡು ಪರದೆಗಳ ಉತ್ತರ ತುಂಬಾ ಬೇರೆ ಬಂದಿದ್ದರೆ, ಚಿತ್ರ ನೋಡಿ ಬೆಳಕು ಏರಿಳಿಸುವ ಯಾವುದೋ ಸೆಟ್ಟಿಂಗ್ ಇನ್ನೂ ಒಳಗೆ ಉಳಿದಿದೆ ಎಂದು ನಾನು ಅನುಮಾನಿಸುತ್ತಿದ್ದೆ.

ಈಗ ಸೈಬರ್‌ಪಂಕ್. ಅದರಲ್ಲಿ Maximum Brightness ಎಂದರೆ ಮೇಲಿನ ಮಿತಿ, ಅಲ್ಲಿ 400 ಇಡಿ. Paper White ಎಂದರೆ ಮೊನ್ನೆ ಹೇಳಿದ ಬಿಳಿ ಕಾಗದದ ಬೆಳಕು. ನಿಜವಾದ ಆಯ್ಕೆ ಇರುವುದು ಇಲ್ಲಿ, ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಕಾಗದವನ್ನು 200ಕ್ಕೆ ಇಟ್ಟರೆ ಅದರ ಮೇಲೆ ನಿಯಾನ್ ದೀಪಗಳಿಗೆ ಉಳಿಯುವುದು ಎರಡು ಪಟ್ಟು ಬೆಳಕು. ಪ್ಯಾನೆಲ್‌ನ ನಿಜವಾದ ಮಿತಿ 300 ಆಗಿದ್ದರೆ ಒಂದೂವರೆ ಪಟ್ಟು ಮಾತ್ರ. ಒಂದೂವರೆ ಪಟ್ಟು ಎಂದರೆ ಕ್ಯಾಮೆರಾದವರ ಲೆಕ್ಕದಲ್ಲಿ ಒಂದು ಸ್ಟಾಪ್ ಕೂಡ ಆಗುವುದಿಲ್ಲ. ಬಿಳಿ ಬೋರ್ಡಿಗೂ ಉರಿಯುವ ದೀಪಕ್ಕೂ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನುವ ಹಾಗೆ ಕಾಣುತ್ತದೆ. ಕಾಗದವನ್ನು 120ಕ್ಕೆ ಇಳಿಸಿದರೆ ಅದೇ 300ರ ಒಳಗೆ ಎರಡೂವರೆ ಪಟ್ಟು ಜಾಗ ಸಿಗುತ್ತದೆ. ನೈಟ್ ಸಿಟಿಯ ಬೀದಿ ದೀಪಗಳು ಬೀದಿಯಿಂದ ಎದ್ದು ಕಾಣುತ್ತವೆ. ಆದರೆ ಬೀದಿಯೇ ಮಂದವಾಗುತ್ತದೆ.

ಯಾವುದು ಸರಿ ಎಂಬುದನ್ನು ಕೋಣೆ ನಿರ್ಧರಿಸಬೇಕು. ಓಲ್ಡ್ ರಾಜಿಂದರ್ ನಗರದ ಬಾಡಿಗೆ ಕೋಣೆಗಳಲ್ಲಿ ಎಷ್ಟಕ್ಕೋ ಸರಿಯಾದ ಕಿಟಕಿಯೇ ಇಲ್ಲ, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಓದುವವನಿಗೆ ಅದು ಶಾಪ, ಎಚ್‌ಡಿಆರ್‌ಗೆ ಮಾತ್ರ ಅನುಕೂಲ, ಸ್ವಿಚ್ ಒತ್ತಿದರೆ ಮಧ್ಯಾಹ್ನವೂ ಕತ್ತಲೆ. ಟ್ಯೂಬ್‌ಲೈಟ್ ಆರಿಸಿ ಆಡುವಿರಾದರೆ 120ರಿಂದ 150ರ ನಡುವೆ ಇಡಿ. ಪಕ್ಕದಲ್ಲಿ ಒಬ್ಬರು ಮೇನ್ಸ್‌ಗೆ ಉತ್ತರ ಬರೆಯುತ್ತಾ ಕೂತಿದ್ದು ದೀಪ ಆರಿಸುವಂತಿಲ್ಲದಿದ್ದರೆ 200, ಅಥವಾ ನೇರವಾಗಿ ಎಸ್‌ಡಿಆರ್. ಪಿಕ್ಯೂ ನಿಟ್ ಲೆಕ್ಕದಲ್ಲಿ ನಡೆಯುವುದರಿಂದ ಕೋಣೆಯ ಬೆಳಕು ಏರಿದಾಗ ಚಿತ್ರ ಅದಕ್ಕೆ ತಕ್ಕಂತೆ ಏರುವುದಿಲ್ಲ. ಬ್ಯಾಕ್‌ಲೈಟ್ ಆಗಲೇ ತುದಿಯಲ್ಲಿದೆ, ಏರಿಸಲು ಏನೂ ಉಳಿದಿಲ್ಲ. ಎಸ್‌ಡಿಆರ್‌ನಲ್ಲಿ ಆ ಸ್ವಾತಂತ್ರ್ಯ ಇದೆ.

Tone-Mapping Midpoint ಎಂಬ ಮೂರನೆಯದನ್ನು ಇದ್ದ ಕಡೆಯೇ ಬಿಡಿ. ಎರಡು ಮುಖ್ಯ ಬೆಲೆ ಸರಿಯಾಗುವ ಮುಂಚೆ ಅದನ್ನು ಮುಟ್ಟಿದರೆ ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈ ಟಿವಿಯಲ್ಲಿ ರಾತ್ರಿಯ ದೃಶ್ಯಗಳ ಆಟಗಳನ್ನು ಕತ್ತಲಲ್ಲಿ ಎಚ್‌ಡಿಆರ್‌ನಲ್ಲಿ ಆಡಿ, ಹಗಲು ಬಯಲಿನ ಆಟಗಳಿಗೆ ಎಸ್‌ಡಿಆರ್ ಇಟ್ಟುಕೊಳ್ಳಿ. ಎಚ್‌ಡಿಆರ್ ಹಾಕಲೇಬೇಕೆಂಬ ಹಟ ಬೇಡ. ಮತ್ತೊಂದು, ಪಿಎಸ್5ನ HDR ಆಯ್ಕೆಯನ್ನು On When Supported ಎಂದಿಡಿ. Always On ಇಟ್ಟರೆ ಎಚ್‌ಡಿಆರ್ ಅರಿಯದ ಹಳೆಯ ಆಟಗಳನ್ನೂ ಕನ್ಸೋಲ್ ಎಚ್‌ಡಿಆರ್ ಡಬ್ಬಿಯೊಳಗೆ ಹಾಕಿ ಕಳಿಸುತ್ತದೆ. ನಿಮ್ಮ ಟಿವಿಯಲ್ಲಿ ಅದರಿಂದ ನಷ್ಟವೇ ಹೊರತು ಲಾಭವಿಲ್ಲ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯಲ್ಲಿ ಎಲ್‌ಜಿ ಕಂಪನಿಯ ಸಿ ಸರಣಿಯ ಓಎಲ್‌ಇಡಿ ಟಿವಿ ಇದೆ, ಮಗನದು ಪಿಎಸ್5. ಟೋನ್ ಮ್ಯಾಪಿಂಗ್‌ನಲ್ಲಿ ಆನ್, ಆಫ್, ಎಚ್‌ಜಿಐಜಿ ಎಂದು ಮೂರಿವೆ. ಆನ್ ಇಟ್ಟರೆ ಚಿತ್ರ ಹೆಚ್ಚು ಬೆಳಗುತ್ತದೆ, ಎಚ್‌ಜಿಐಜಿ ಮಂದ ಎನ್ನುತ್ತಾನೆ ಮಗ. ಇನ್ನೊಂದು ಅನುಮಾನ: ಓಎಲ್‌ಇಡಿ ಪೂರ್ತಿ ಬಿಳಿ ಪರದೆಯನ್ನು ಅಷ್ಟೊಂದು ಬೆಳಗಿಸಲಾರದು ಎಂದು ಓದಿದ್ದೇನೆ. ಆದರೆ ಎಚ್‌ಜಿಐಜಿಯಲ್ಲಿ ಪಿಎಸ್5ನ ಎರಡೂ ಪರದೆಗಳಲ್ಲಿ ಗುರುತು ಒಂದೇ ಕಡೆ ಮಾಯವಾಗುತ್ತದೆ. ಟಿವಿ ಕೆಟ್ಟಿದೆಯೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಟಿವಿ ಚೆನ್ನಾಗಿದೆ ತಾಯಿ, ನೀವು ಗಮನಿಸಿದ್ದೂ ಸರಿಯಾಗಿದೆ.

ಎಚ್‌ಜಿಐಜಿ ಎಂಬುದು ಎಚ್‌ಡಿಆರ್ ಆಟಗಳಿಗಾಗಿ ಸೋನಿ, ಮೈಕ್ರೋಸಾಫ್ಟ್ ಮತ್ತು ಟಿವಿ ತಯಾರಕರು, ಆಟ ತಯಾರಕರು ಸೇರಿ ಮಾಡಿಕೊಂಡ ಗುಂಪಿನ ಹೆಸರು. ಟಿವಿಯಲ್ಲಿ ಆ ಆಯ್ಕೆ ಹಿಡಿದರೆ ಟಿವಿ 'ನಾನು ಕುಗ್ಗಿಸುವುದಿಲ್ಲ, ನನ್ನ ಮಿತಿಯಲ್ಲಿ ಕತ್ತರಿಸುತ್ತೇನೆ, ಉಳಿದದ್ದನ್ನು ಆಟ ನೋಡಿಕೊಳ್ಳಲಿ' ಎಂದು ಸುಮ್ಮನಾಗುತ್ತದೆ. ಕನ್ಸೋಲ್‌ನ ಪರದೆಗಳು ಸರಿಯಾದ ಉತ್ತರ ಕೊಡುವುದು ಆಗಲೇ.

ಈಗ ನಿಮ್ಮ ಅನುಮಾನ. ಆ ಸರಣಿಯ ಹಲವು ಮಾದರಿಗಳು ಸಣ್ಣ ಜಾಗದಲ್ಲಿ ಸುಮಾರು 700ರಿಂದ 800 ನಿಟ್ ಕೊಡುತ್ತವೆ. ಇಡೀ ಪರದೆ ಬಿಳಿಯಾದರೆ ವಿದ್ಯುತ್ತನ್ನು ಹಿಡಿತದಲ್ಲಿಡಲು ಬೆಳಕನ್ನು ಬಹಳ ಕೆಳಗೆ, ಇನ್ನೂರರೊಳಕ್ಕೆ ಇಳಿಸಿಬಿಡುತ್ತವೆ. ಆದರೆ ಈ ಇಳಿಕೆ ನಡೆಯುವುದು ಸಂಕೇತವನ್ನು ಕತ್ತರಿಸಿದ ಮೇಲೆ, ಪ್ಯಾನೆಲ್‌ನ ಹಂತದಲ್ಲಿ. ಗುರುತನ್ನೂ ಹಿನ್ನೆಲೆಯನ್ನೂ ಅದು ಒಟ್ಟಿಗೆ ಮಂದ ಮಾಡುತ್ತದೆ. ಎರಡರ ನಡುವಿನ ಗೆರೆ ಅಳಿಸಿಹೋಗುವ ಬಿಂದು ಕದಲುವುದಿಲ್ಲ. ಹೀಗಾಗಿ ಇಡೀ ಪರದೆ ಕಣ್ಣೆದುರೇ ಮಂಕಾದರೂ ಉತ್ತರ ಒಂದೇ ಬರುತ್ತದೆ. ಪೂರ್ತಿ ಪರದೆಯ ಬೆಳಕು ಕಡಿಮೆ ಎಂದು ಓದಿ ಎರಡನೆಯದನ್ನು ಬೇಕೆಂದೇ ಇಳಿಸುವವರಿದ್ದಾರೆ, ಅದರ ಅಗತ್ಯವಿಲ್ಲ. ಗುರುತು ಎಲ್ಲಿ ಮಾಯವಾಯಿತೋ ಅಲ್ಲೇ ಬಿಡಿ.

ಮಗನ ಮಾತನ್ನು ತಳ್ಳಿಹಾಕಬೇಡಿ. 'ಆನ್' ಇದ್ದಾಗ ಟಿವಿ ಫ್ರೇಮಿಂದ ಫ್ರೇಮಿಗೆ ಚಿತ್ರ ನೋಡಿ ನಡುಮಟ್ಟದ ಬೆಳಕನ್ನು ಎತ್ತುತ್ತದೆ, ಹಗಲಿನ ಹಾಲ್‌ನಲ್ಲಿ ಅದು ಹಿತವಾಗಿಯೇ ಕಾಣುತ್ತದೆ. ಕೆಡುವುದು ಎಲ್ಲಿ ಎಂದರೆ, ಒಂದು ಗುಹೆಯಿಂದ ಬಿಸಿಲಿಗೆ ಬಂದಾಗ, ಆಟ ತಯಾರಿಸಿದವರು ಕಣ್ಣು ಕೋರೈಸಲಿ ಎಂದು ಇಟ್ಟ ಏರಿಕೆಯನ್ನು ಟಿವಿ ತಾನಾಗಿ ಸಮ ಮಾಡಿಬಿಡುತ್ತದೆ. ಅವನು ಒಂದು ವಾರ ಎಚ್‌ಜಿಐಜಿಯಲ್ಲಿ ಸಂಜೆಯ ಹೊತ್ತು ಆಡಲಿ, ಆಮೇಲೂ 'ಆನ್' ಬೇಕೆಂದರೆ ಬಿಡಿ. ಆದರೆ ಅಳತೆಯನ್ನು ಮಾತ್ರ ಎಚ್‌ಜಿಐಜಿಯಲ್ಲೇ ಮಾಡಿ ಮುಗಿಸಿ ನಂತರ 'ಆನ್'ಗೆ ಹೋಗಲಿ. 'ಆನ್' ಇಟ್ಟು ಅಳೆದರೆ ಮೇಲಿನ ದೆಹಲಿಯ ಓದುಗರಿಗೆ ಆದದ್ದೇ ಆಗುತ್ತದೆ.

ಪ್ರಶ್ನೆ: ದ್ವಾರಕಾದ ನಮ್ಮ ಫ್ಲ್ಯಾಟ್‌ನಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇದೆ. ಬೆಳಕಿನ ಪರದೆಗಳಲ್ಲಿ ತೊಂದರೆಯಿಲ್ಲ. ಕಪ್ಪಿನ ಪರದೆಯಲ್ಲಿ ಗುರುತು ಕಾಣಲಿ ಎಂದು ಸಾಕಷ್ಟು ಏರಿಸಬೇಕಾಯಿತು. ಈಗ ಎಲ್ಲ ಆಟಗಳಲ್ಲೂ ರಾತ್ರಿ ಎಂಬುದು ಬೂದು ಬಣ್ಣ. ಏನು ಮಾಡಲಿ?
— ದ್ವಾರಕಾ, ನವದೆಹಲಿ

ಉತ್ತರ: ಪರದೆಯನ್ನು ಹಗಲಲ್ಲಿ, ಬಾಲ್ಕನಿಯ ಬಾಗಿಲು ತೆರೆದಿಟ್ಟು ಮಾಡಿದ್ದೀರಿ ಎಂದು ನನ್ನ ಊಹೆ. ಗಾಜಿನ ಮೇಲೆ ಬಿದ್ದ ಹೊರಗಿನ ಬೆಳಕು ಕಪ್ಪಿನ ಸಣ್ಣ ವ್ಯತ್ಯಾಸಗಳನ್ನು ನುಂಗಿಹಾಕುತ್ತದೆ. ನೀವು ಏರಿಸುತ್ತಾ ಹೋದಿರಿ. 'ಈ ಟಿವಿ ಇದಕ್ಕಿಂತ ಕೆಳಗಿನ ಕತ್ತಲನ್ನು ತೋರಿಸಲಾರದು' ಎಂದು ಕನ್ಸೋಲ್ ತಿಳಿಯಿತು. ಅಂದಿನಿಂದ ಪ್ರತಿ ಆಟವೂ ತನ್ನ ನೆರಳನ್ನೆಲ್ಲ ಆ ಮಟ್ಟಕ್ಕೆ ಎತ್ತಿ ಕಳಿಸುತ್ತಿದೆ.

ರಾತ್ರಿ ದೀಪ ಆರಿಸಿ ಮತ್ತೆ ಮಾಡಿ. General ಒಳಗೆ TV & display options, ಅಲ್ಲಿ Calibrate HDR for games. ಮೊದಲು ತೀರಾ ಕೆಳಕ್ಕೆ ಇಳಿಸಿ. ಓಎಲ್‌ಇಡಿಯಾದರೆ ಕೊನೆಯಲ್ಲೇ ಬಿಟ್ಟರೂ ಆದೀತು, ಸಾದಾ ಎಲ್‌ಇಡಿಯಾದರೆ ಒಂದೆರಡು ಹೆಜ್ಜೆ ಮೇಲೆ. ನಿಮ್ಮದು ಹಗಲಲ್ಲೇ ಆಡುವ ಮನೆಯಾಗಿದ್ದರೂ ಈ ಪರದೆಯನ್ನು ಹಗಲಿಗೆ ಹೊಂದಿಸಬೇಡಿ. ನೆರಳು ಕಾಣದ ಒಂದು ಆಟಕ್ಕೆ ಆ ಆಟದ ಬ್ರೈಟ್‌ನೆಸ್ ಏರಿಸಿಕೊಳ್ಳುವುದು ವಾಸಿ, ಇಡೀ ಕನ್ಸೋಲ್‌ನ ಕಪ್ಪನ್ನು ಎತ್ತುವುದಕ್ಕಿಂತ.

ಕತ್ತಲಲ್ಲಿ, ತೀರಾ ಕೆಳತುದಿಯಲ್ಲೂ ಗುರುತು ಸ್ಪಷ್ಟವಾಗಿ ಎದ್ದು ಕಾಣುತ್ತಿದ್ದರೆ ಅಥವಾ ಎಷ್ಟು ಏರಿಸಿದರೂ ಕಪ್ಪಲ್ಲೇ ಹೂತಿದ್ದರೆ ದೋಷ ಬೇರೆ ಕಡೆ ಇದೆ. ಎಕ್ಸ್‌ಬಾಕ್ಸ್‌ನಲ್ಲಿ Color space ಎಂಬ ಆಯ್ಕೆ Standard ಇರಬೇಕು. ಯಾರಾದರೂ PC RGB ಮಾಡಿದ್ದರೆ ಕನ್ಸೋಲ್ ಒಂದು ಕಪ್ಪನ್ನು ಕಳಿಸುತ್ತದೆ, ಟಿವಿ ಇನ್ನೊಂದನ್ನು ಓದುತ್ತದೆ. ಟಿವಿಯ ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಆಟೋದಲ್ಲಿರಲಿ, ಎಚ್‌ಡಿಆರ್‌ನಲ್ಲಿರುವಾಗ ಟಿವಿಯ ಬ್ರೈಟ್‌ನೆಸ್ ಕಾರ್ಖಾನೆಯ ಬೆಲೆಗೆ ಮರಳಲಿ. ಹೀಗೆ ಎರಡು ತುದಿ ಹೊಂದಿದ ಮೇಲೆ ಬೆಳಕಿನ ಪರದೆಗಳನ್ನೂ ಇನ್ನೊಮ್ಮೆ ನೋಡಿ, ಅವೂ ಕದಲಿರುತ್ತವೆ.

ಪ್ರಶ್ನೆ: ಕನ್ಸೋಲ್‌ನಲ್ಲಿ ಒಮ್ಮೆ ಅಳತೆ ಕೊಟ್ಟ ಮೇಲೆ ಎಲ್ಲ ಆಟಗಳೂ ಅದನ್ನು ಕೇಳುತ್ತವೆಯೇ?
— ಧಾರವಾಡ

ಉತ್ತರ: ಇಲ್ಲ. ಎಚ್‌ಜಿಐಜಿಯ ನಿಯಮಗಳು ಸಲಹೆಗಳು ಮಾತ್ರ, ಕಡ್ಡಾಯವಲ್ಲ. ಕೆಲವು ಆಟಗಳು ಕನ್ಸೋಲ್‌ನಿಂದ ಬೆಲೆ ಓದಿಕೊಂಡು ಸುಮ್ಮನಿರುತ್ತವೆ, ಅವುಗಳ ಮೆನುವಿನಲ್ಲಿ ಎಚ್‌ಡಿಆರ್ ಸ್ಲೈಡರ್ ಹುಡುಕಿದರೆ ಸಿಗುವುದಿಲ್ಲ. ಕೆಲವು ತಮ್ಮದೇ ಸ್ಲೈಡರ್ ಇಡುತ್ತವೆ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಅದರದೇ ಎಚ್‌ಡಿಆರ್ ಹೊಂದಾಣಿಕೆಯ ಪರದೆಯಿದೆ. ಪರೀಕ್ಷಿಸುವುದು ಸುಲಭ. ಆಟದ ಒಂದು ಬಿಸಿಲಿನ ಜಾಗದಲ್ಲಿ ನಿಂತು, ಕನ್ಸೋಲ್‌ನ ಬೆಳಕಿನ ಪರದೆಗಳನ್ನು ಬೇಕೆಂದೇ ತೀರಾ ಕೆಳಕ್ಕೆ ಇಳಿಸಿ, ಆಟವನ್ನು ಮುಚ್ಚಿ ಮತ್ತೆ ತೆರೆಯಿರಿ. ಸೂರ್ಯನ ಸುತ್ತಲಿನ ಆಕಾಶ ಬದಲಾಗಿದ್ದರೆ ಆಟ ಕನ್ಸೋಲ್‌ನ ಮಾತು ಕೇಳುತ್ತದೆ. ಏನೂ ಬದಲಾಗದಿದ್ದರೆ ಕೇಳುವುದಿಲ್ಲ, ಆಗ ಆಟದೊಳಗಿನ ಸ್ಲೈಡರ್‌ನಲ್ಲಿ ಮೇಲಿನ ಮಿತಿಯನ್ನು ನಿಮ್ಮ ಟಿವಿ ಕತ್ತರಿಸುವ ಬೆಲೆಗೇ ಇಡಿ. ಪರೀಕ್ಷೆ ಮುಗಿದ ಮೇಲೆ ಕನ್ಸೋಲ್‌ನ ಪರದೆಗಳನ್ನು ಮೊದಲಿದ್ದ ಜಾಗಕ್ಕೆ ತರುವುದನ್ನು ಮರೆಯಬೇಡಿ.